ಆಕಾಶ ಬದಲಾವಣೆ (ಛಾಯಾಗ್ರಹಣ)

ನಿಸರ್ಗದ ಫೋಟೋ ಒಂದರಲ್ಲಿರುವ ಆಕಾಶವನ್ನು ತೆಗೆದು, ಬೇರೆ ಹೊತ್ತಿನಲ್ಲೋ ಬೇರೆ ಊರಿನಲ್ಲೋ ಸೆರೆಹಿಡಿದ ಆಕಾಶವನ್ನು ಅಲ್ಲಿ ಕೂರಿಸಿ, ಎರಡರ ಬೆಳಕು ಮತ್ತು ಬಣ್ಣವನ್ನು ಹೊಂದಿಸುವ ಕೆಲಸ. ಇದು ಕಂಪ್ಯೂಟರ್ ತಂದ ಕೈಚಳಕ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ 1850ರ ದಶಕದಲ್ಲೇ ಫ್ರಾನ್ಸ್ ಮತ್ತು ಇಂಗ್ಲೆಂಡಿನ ಕತ್ತಲೆಕೋಣೆಗಳಲ್ಲಿ ಇದು ನಡೆಯುತ್ತಿತ್ತು, ಅದೂ ಚಪಲಕ್ಕಲ್ಲ, ಬೇರೆ ದಾರಿಯಿಲ್ಲದೆ.

1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೊಡಿಯನ್ ವಿಧಾನದಲ್ಲಿ ಗಾಜಿನ ಮೇಲಿನ ಲೇಪ ನೀಲಿ ಮತ್ತು ನೇರಳಾತೀತ ಬೆಳಕಿಗೆ ಮಾತ್ರ ಚುರುಕಾಗಿ ಸ್ಪಂದಿಸುತ್ತಿತ್ತು. ಹಸಿರು ಗಿಡಮರ, ಕೆಂಪು ಮಣ್ಣು ಅದಕ್ಕೆ ಬಹುಪಾಲು ಕತ್ತಲೆಯೇ. ನೆಲ ಮೂಡುವಷ್ಟು ಹೊತ್ತು ಮಸೂರ ತೆರೆದಿಟ್ಟರೆ ನೀಲಿ ಬಾನೂ ಬಿಳಿ ಮೋಡವೂ ಒಂದೇ ಸಮನಾಗಿ ಉರಿದುಹೋಗುತ್ತಿದ್ದವು. ಪ್ರಿಂಟ್‌ನಲ್ಲಿ ಉಳಿಯುತ್ತಿದ್ದುದು ಬರಿಯ ಬಿಳಿ ಕಾಗದ, ಅದೂ ಲೇಪದ ಕಲೆಗಳಿಂದ ಮಚ್ಚೆಮಚ್ಚೆಯಾಗಿ. ಹಾಗಾಗಿ ನೆಗೆಟಿವ್‌ನ ಆಕಾಶದ ಭಾಗಕ್ಕೆ ಕಪ್ಪು ಬಣ್ಣ ಬಳಿದು, ಮಚ್ಚೆಯಿಲ್ಲದ ಬಿಳಿಯನ್ನಾದರೂ ಪಡೆಯುವುದು ರೂಢಿಯಾಯಿತು. ಮೋಡಕ್ಕೇ ಪ್ರತ್ಯೇಕ ನೆಗೆಟಿವ್ ತೆಗೆದು ಜೋಡಿಸಬಹುದೆಂದು ಇಪ್ಪೊಲಿತ್ ಬಾಯಾರ್ 1852ರಲ್ಲಿ ಸೂಚಿಸಿದರು.

ಇದನ್ನು ಕಲೆಯ ಮಟ್ಟಕ್ಕೆ ಒಯ್ದವರು ಗುಸ್ತಾವ್ ಲ ಗ್ರೇ. ಅವರು 1856–57ರಲ್ಲಿ ತೆಗೆದ ಕಡಲ ಚಿತ್ರಗಳನ್ನು ಕಂಡ ಜನ ಬೆರಗಾದರು. ಅಲೆ ಮತ್ತು ಮೋಡ ಎರಡನ್ನೂ ಒಂದೇ ಕಾಗದದ ಮೇಲೆ ಆ ಜನ ಅಷ್ಟು ಸ್ಪಷ್ಟವಾಗಿ ನೋಡಿರಲಿಲ್ಲ. ‘ಮಹಾ ಅಲೆ, ಸೆತ್’ ಎಂಬ 1857ರ ಚಿತ್ರಕ್ಕೆ ಎರಡು ನೆಗೆಟಿವ್‌ಗಳಿವೆ, ಒಂದು ಕಡಲಿಗೆ ಅಳೆದ ಬೆಳಕಿನದು, ಇನ್ನೊಂದು ಬಾನಿಗೆ ಅಳೆದದ್ದು. ದಿಗಂತದ ಗೆರೆಯನ್ನು ಹತ್ತಿರದಿಂದ ನೋಡಿದರೆ ಮೋಡಗಳು ಅಲ್ಲಿ ಕತ್ತರಿಸಿದಂತೆ ಥಟ್ಟನೆ ನಿಲ್ಲುತ್ತವೆ. ಲ ಗ್ರೇ ಕಡಲನ್ನು ಆರಿಸಿಕೊಂಡದ್ದರಲ್ಲಿ ಜಾಣ್ಮೆಯಿದೆ: ನೀರು ಮತ್ತು ಬಾನು ಕೂಡುವ ಅಂಚು ನೇರ, ಕತ್ತರಿಗೆ ಸುಲಭ. ಒಂದೇ ಮೋಡದ ನೆಗೆಟಿವ್ ಅವರ ಒಂದಕ್ಕಿಂತ ಹೆಚ್ಚು ಚಿತ್ರಗಳಲ್ಲಿ ಕಾಣಸಿಗುತ್ತದೆ.

ಆಗಿನ ಕಾಗದ ಬಿಸಿಲಿನಲ್ಲೇ ಕಣ್ಣೆದುರು ಕಪ್ಪಾಗುವಂಥದ್ದು. ಮರದ ಚೌಕಟ್ಟಿನಲ್ಲಿ ನೆಗೆಟಿವ್‌ಗೆ ಕಾಗದವನ್ನು ಒತ್ತಿಟ್ಟು ಮೊದಲು ನೆಲದ ಭಾಗ ಮೂಡಿಸಬೇಕು. ಆಕಾಶದ ಜಾಗ ಕಪ್ಪು ಬಣ್ಣದ ಮರೆಯಲ್ಲಿ ಬಿಳಿಯಾಗಿಯೇ ಉಳಿಯುತ್ತದೆ. ಆಮೇಲೆ ಅದೇ ಕಾಗದವನ್ನು ಮೋಡದ ನೆಗೆಟಿವ್ ಕೆಳಗಿಟ್ಟು, ಈಗಾಗಲೇ ಮೂಡಿದ ನೆಲಕ್ಕೆ ರಟ್ಟು ಮುಚ್ಚಿ ಮತ್ತೆ ಬಿಸಿಲಿಗೆ ಹಿಡಿಯಬೇಕು. ರಟ್ಟನ್ನು ಅಲುಗಿಸುತ್ತಿದ್ದರೆ ಗೆರೆ ಮೃದುವಾಗುತ್ತದೆ, ಸುಮ್ಮನಿಟ್ಟರೆ ಚೂಪಾಗುತ್ತದೆ. ಚೌಕಟ್ಟಿನ ಹಿಂಬದಿಯ ಅರ್ಧವನ್ನು ತೆರೆದು ಆಗಾಗ ಇಣುಕಿ ನೋಡಬಹುದಿತ್ತು.

ದಿಗಂತದಲ್ಲಿ ಮರ ನಿಂತಿದ್ದರೆ ಏನು ಮಾಡುವುದು? ಎಲೆಎಲೆಯ ಸುತ್ತ ರಟ್ಟು ಕತ್ತರಿಸಲಾಗದು. ಇಲ್ಲಿ ಒಂದು ಸರಳ ಸಂಗತಿ ನೆರವಿಗೆ ಬಂತು. ಮರ ಈಗಾಗಲೇ ಕಾಗದದ ಮೇಲೆ ಕಪ್ಪಾಗಿದೆ. ಅದರ ಮೇಲೆ ತೆಳು ಮೋಡವನ್ನು ಮೂಡಿಸಿದರೂ ಕಪ್ಪು ಇನ್ನಷ್ಟು ಕಪ್ಪಾಗುತ್ತದೆ ಅಷ್ಟೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಮರೆಯನ್ನು ಮರದ ನೆತ್ತಿಗಿಂತ ಕೆಳಗೇ ನಿಲ್ಲಿಸಿ, ಮೋಡವನ್ನು ಕೊಂಬೆಗಳ ಮೇಲೆ ಹಾಯಿಸಿಬಿಡುತ್ತಿದ್ದರು. ಬಿಳಿ ಗೋಡೆ ಅಥವಾ ಹಿಮದ ಶಿಖರವಿದ್ದರೆ ಈ ಉಪಾಯ ನಡೆಯುವುದಿಲ್ಲ, ಮೋಡ ಅದರ ಮೈಮೇಲೆ ಮೆತ್ತಿಕೊಳ್ಳುತ್ತದೆ.

ಅಂಚು ಸರಿಹೋದರೂ ಬೆಳಕು ಸರಿಹೋಗದೆ ಕೆಟ್ಟ ಚಿತ್ರಗಳು ಬೇಕಾದಷ್ಟು. ಎಡದಿಂದ ಬಿಸಿಲು ಬಿದ್ದ ಊರಿನ ಮೇಲೆ ಬಲದಿಂದ ಬೆಳಗಿದ ಮೋಡ ನಿಲ್ಲುವುದು ಆಗಿನ ದೊಡ್ಡ ತಪ್ಪು. ಮೋಡದ ನೆಗೆಟಿವ್‌ಗಳು ಅಂಗಡಿಯಲ್ಲೇ ಸಿಗತೊಡಗಿದ ಮೇಲಂತೂ ಇದು ಹೆಚ್ಚಿತು. ಬಾನು ಉರಿದುಹೋಗುವುದಕ್ಕೆ ಕ್ಯಾಮೆರಾದ ಕಡೆಯಿಂದ ಇನ್ನೊಂದು ಪರಿಹಾರ ಹುಡುಕಿದವರೂ ಇದ್ದರು. ಎಡ್ವರ್ಡ್ ಮೈಬ್ರಿಜ್ 1869ರಲ್ಲಿ ಮಸೂರದ ಮುಂದೆ ಆಕಾಶಕ್ಕಷ್ಟೇ ಮರೆ ಹಿಡಿದು ನೆಲಕ್ಕೆ ಹೆಚ್ಚು ಹೊತ್ತು ಬೆಳಕು ಕೊಡುವ ಸಾಧನವನ್ನು ರೂಪಿಸಿದರು. ಆದರೂ ಯೊಸೆಮಿಟಿ ಕಣಿವೆಯ ಅವರ ಚಿತ್ರಗಳಲ್ಲಿ ಬೇರೆ ನೆಗೆಟಿವ್‌ನ ಮೋಡಗಳಿವೆ. ಹರ್ಮನ್ ಫೋಗಲ್ 1873ರಲ್ಲಿ ಕಂಡುಹಿಡಿದ ವರ್ಣಸಂವೇದನೆ, 1906ರಿಂದ ಇಂಗ್ಲೆಂಡಿನಲ್ಲಿ ಮಾರಾಟವಾದ ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಲಕಗಳು, ಅವುಗಳ ಜೊತೆಗೆ ಹಳದಿ ಫಿಲ್ಟರ್ ಬಂದ ಮೇಲೆ ಆಕಾಶ ಒಂದೇ ನೆಗೆಟಿವ್‌ನಲ್ಲಿ ಸಿಗತೊಡಗಿತು. ಅನಿವಾರ್ಯವಾಗಿದ್ದದ್ದು ಆಯ್ಕೆಯಾಯಿತು.

1994ರಲ್ಲಿ ಫೋಟೋಶಾಪ್ 3.0 ಲೇಯರ್‌ಗಳನ್ನು ತಂದಾಗ ಹಳೆಯ ಮರದ ಉಪಾಯ ಹೊಸ ಬಟ್ಟೆ ತೊಟ್ಟು ಮರಳಿತು. ಅದರ `Multiply` ಎಂಬ ಬ್ಲೆಂಡ್ ಮೋಡ್ ಎರಡು ಪದರಗಳ ಪ್ರಕಾಶವನ್ನು ಗುಣಿಸುತ್ತದೆ. ಕಪ್ಪಿಗೆ 0, ಬಿಳಿಗೆ 1 ಎಂದಿಟ್ಟುಕೊಂಡು ಬಿಳಿ ಬಾನಿನ ಮುಂದಿರುವ ಒಣಕೊಂಬೆಯೊಂದನ್ನು ನೋಡೋಣ. ಬಾನಿನ ಬೆಲೆ 1, ಹೊಸ ಆಕಾಶದ್ದು 0.7, ಗುಣಿಸಿದರೆ 0.7, ಅಂದರೆ ಹೊಸ ಆಕಾಶವೇ ಕಾಣುತ್ತದೆ. ಕೊಂಬೆ 0.1 ಇದ್ದದ್ದು 0.07 ಆಗಿ ಕಪ್ಪಾಗಿಯೇ ಉಳಿಯುತ್ತದೆ. ಅರ್ಧ ಕೊಂಬೆ, ಅರ್ಧ ಬಾನು ತುಂಬಿದ ಅಂಚಿನ ಪಿಕ್ಸೆಲ್ 0.55 ಇದ್ದದ್ದು 0.385 ಆಗುತ್ತದೆ, 0.07 ಮತ್ತು 0.7ರ ನಟ್ಟನಡುವಿನ ಬೆಲೆ ಅದೇ. ಮಾಸ್ಕ್‌ನಿಂದ ಕತ್ತರಿಸಿದರೆ ಇಂಥ ಪಿಕ್ಸೆಲ್‌ಗಳಲ್ಲಿ ಹಳೆಯ ಬಿಳಿ ಉಳಿದು ಕೊಂಬೆಯ ಸುತ್ತ ಪ್ರಭಾವಳಿ ಕಟ್ಟುತ್ತದೆ. ಗುಣಾಕಾರದಲ್ಲಿ ಆ ತೊಂದರೆಯಿಲ್ಲ. ಹಿಮಶಿಖರದ ಮಿತಿ ಮಾತ್ರ 160 ವರ್ಷಗಳ ಹಿಂದಿನಂತೆಯೇ ಇದೆ, ಅಲ್ಲಿ ಮಾಸ್ಕ್ ಬೇಕೇ ಬೇಕು.

2019ರ ನವೆಂಬರ್‌ನಲ್ಲಿ ಲುಮಿನಾರ್ 4 ಮತ್ತು 2020ರ ಅಕ್ಟೋಬರ್‌ನಲ್ಲಿ ಫೋಟೋಶಾಪ್ ಆಕಾಶವನ್ನು ತಾವೇ ಗುರುತಿಸಿ ಬದಲಿಸತೊಡಗಿದವು. ಫೋಟೋಶಾಪ್‌ನ `Edit > Sky Replacement` ಅಂಚನ್ನು ಹಿಗ್ಗಿಸಿ ಕುಗ್ಗಿಸುವ, ಬಾನಿನ ತಾಪವನ್ನು ಬದಲಿಸುವ, ನೆಲಕ್ಕೆ ಬಾನಿನ ಛಾಯೆ ಹಚ್ಚುವ ಜಾರುಗುಂಡಿಗಳನ್ನು ಕೊಡುತ್ತದೆ. ಮದುವೆ ಆಲ್ಬಮ್‌ಗಳಲ್ಲಿ ಎಲ್ಲ ಜೋಡಿಗಳೂ ಒಂದೇ ಸಂಜೆಯಲ್ಲಿ ನಿಂತಂತೆ ಕಾಣುವುದಕ್ಕೆ ಸಿದ್ಧವಾಗಿ ಬರುವ ಆಕಾಶಗಳೇ ಕಾರಣವಿರಬೇಕು.

ನೆಲಕ್ಕೆಲ್ಲ ಸಮನಾಗಿ ಕೇಸರಿ ಬಳಿಯುವುದು ಈ ಕೆಲಸದ ಸಾಮಾನ್ಯ ದೋಷ. ಸೂರ್ಯಾಸ್ತದಲ್ಲಿ ಬಿಸಿಲು ತಾಗಿದ ಬದಿ ಮಾತ್ರ ಬೆಚ್ಚಗಿರುತ್ತದೆ. ನೆರಳಿನ ಬದಿಗೆ ಬೆಳಕು ಬರುವುದು ಎದುರಿನ ನೀಲಿ ಬಾನಿನಿಂದ, ಆದ್ದರಿಂದ ಅದು ತಣ್ಣಗೆ, ನೀಲಿಯಾಗಿ ಕಾಣಬೇಕು. ಹೊಂದಿಸುವವನು ಬೆಚ್ಚನೆಯ ಛಾಯೆಯನ್ನು ಬೆಳಕಿನ ಭಾಗಕ್ಕಷ್ಟೇ ಮಾಸ್ಕ್ ಮಾಡಿ ಹಚ್ಚುತ್ತಾನೆ, ದೂರದ ಬೆಟ್ಟಗಳ ಕಪ್ಪನ್ನು ದಿಗಂತದ ಬಣ್ಣದತ್ತ ತಿಳಿಗೊಳಿಸುತ್ತಾನೆ. ನಡುಹಗಲಿನ ನೆಲಕ್ಕೆ ಇದಾವುದೂ ಸಾಲದು. ಮರದ ಬುಡದಲ್ಲೇ ಮುದುಡಿದ ಗಿಡ್ಡ ನೆರಳನ್ನು ಯಾವ ಜಾರುಗುಂಡಿಯೂ ಉದ್ದ ಮಾಡದು. ಮೋಡ ಮುಸುಕಿದ ದಿನ ತೆಗೆದ, ನೆರಳೇ ಬೀಳದ ನೆಲ ಬೇರೆ ಬೇರೆ ಆಕಾಶಗಳಿಗೆ ಹೆಚ್ಚು ಸುಲಭವಾಗಿ ಒಗ್ಗುತ್ತದೆ, ಆ ಆಕಾಶಗಳಲ್ಲಿ ಸೂರ್ಯ ನೇರವಾಗಿ ಇಣುಕದಿದ್ದರೆ.

ನೀರಿದ್ದ ಕಡೆ ಗುಟ್ಟು ಬೇಗ ರಟ್ಟಾಗುತ್ತದೆ. ಮೇಲೆ ಕೆಂಪು ಮೋಡ, ಕೆಳಗೆ ಕೆರೆಯಲ್ಲಿ ಬೂದು ಬಾನು ಇದ್ದರೆ ಯಾರೂ ನಂಬುವುದಿಲ್ಲ. ಹೊಸ ಆಕಾಶವನ್ನು ತಲೆಕೆಳಗು ಮಾಡಿ ನೀರಿನ ಮೇಲೂ ಕೂರಿಸಬೇಕು, ನಮ್ಮ ಕಡೆಯ ದಡದ ಹತ್ತಿರ ಬಂದಂತೆ ಅದನ್ನು ಕಪ್ಪಾಗಿಸುತ್ತ ಬರಬೇಕು. ದೂರದ ನೀರು ಓರೆಯಾಗಿ ಕಾಣುವುದರಿಂದ ಬಾನನ್ನು ಬಹುಮಟ್ಟಿಗೆ ಪೂರ್ತಿ ಪ್ರತಿಫಲಿಸುತ್ತದೆ, ಕಾಲಬುಡದ ನೀರು ಸ್ವಲ್ಪವೇ ಪ್ರತಿಫಲಿಸುತ್ತದೆ.

ಅಂತರರಾಷ್ಟ್ರೀಯ ಸಲೂನ್ ಸ್ಪರ್ಧೆಗಳ ನಿಸರ್ಗ ವಿಭಾಗದಲ್ಲಿ ಚಿತ್ರದ ಅಂಶಗಳನ್ನು ಸೇರಿಸುವುದಕ್ಕೂ ಬದಲಿಸುವುದಕ್ಕೂ ನಿಷೇಧವಿದೆ. ‘ಮಹಾ ಅಲೆ’ಯನ್ನು ಇಂದು ಆ ವಿಭಾಗಕ್ಕೆ ಕಳಿಸಿದರೆ ತಿರಸ್ಕಾರವಾಗುತ್ತದೆ.