ಮಾರಿ ಮರಳಿ ಗುತ್ತಿಗೆಗೆ ಪಡೆದ ಕಟ್ಟಡ: ಲಾಭಗಣನೆಯ ಆರು ದಶಕಗಳು

ಸವಕಳಿಯನ್ನೆಲ್ಲ ಕಳೆದ ಮೇಲೆ ಲೆಕ್ಕದ ಪುಸ್ತಕದಲ್ಲಿ 20 ಕೋಟಿ ರೂಪಾಯಿ ಬೆಲೆಗೆ ನಿಂತಿರುವ, ಪೇಟೆಯಲ್ಲಿ ಮಾತ್ರ 50 ಕೋಟಿಗೆ ಮಾರಾಟವಾಗಬಲ್ಲ ಒಂದು ಕಚೇರಿಯ ಕಟ್ಟಡವನ್ನು ಅದರ ಒಡೆತನದ ಕಂಪನಿಯು ಅದೇ 50 ಕೋಟಿಗೆ ಮಾರಿ, ಕ್ರಯಪತ್ರಕ್ಕೆ ಸಹಿ ಬಿದ್ದ ದಿನವೇ ಅದನ್ನು ಹತ್ತು ವರ್ಷಗಳ ಅವಧಿಗೆ, ಪ್ರತಿ ವರ್ಷದ ಕೊನೆಯಲ್ಲಿ 3 ಕೋಟಿ ಬಾಡಿಗೆ ಕೊಡುವ ಕರಾರಿನ ಮೇಲೆ, ಕೊಂಡವನಿಂದಲೇ ಗುತ್ತಿಗೆಗೆ ಪಡೆಯಿತೆಂದು ಭಾವಿಸೋಣ. ಒಡೆತನ ಕೈ ಬದಲಾಯಿಸಿತು, ಹಣವೂ ಬಂದಿತು. ಆದರೆ ಕಟ್ಟಡದೊಳಗಿನ ಒಂದು ಮೇಜೂ ಕದಲಲಿಲ್ಲ. ಹೀಗಿರುವಲ್ಲಿ ಬೆಲೆಗಳ ಅಂತರವಾದ 30 ಕೋಟಿಯಲ್ಲಿ ಎಷ್ಟನ್ನು ಈ ವರ್ಷದ ಲಾಭವೆಂದು ತೋರಿಸಬಹುದು? ಅಂಕಿಗಳು ಕಲ್ಪಿತವಾದರೂ ಪ್ರಶ್ನೆ ಕಲ್ಪಿತವಲ್ಲ. ಕಳೆದ ಆರು ದಶಕಗಳಲ್ಲಿ ಲೆಕ್ಕಶಾಸ್ತ್ರವು ಇದೊಂದೇ ಕಟ್ಟಡಕ್ಕೆ ಸೊನ್ನೆ, ಹತ್ತೂಮುಕ್ಕಾಲು ಕೋಟಿ, ಮೂವತ್ತು ಕೋಟಿ, ಹದಿನೆಂಟೂವರೆ ಕೋಟಿ ಎಂಬ ನಾಲ್ಕು ಬಗೆಯ ಉತ್ತರಗಳನ್ನು ಕೊಟ್ಟಿದೆ. ಒಂದೊಂದು ಉತ್ತರದ ಹಿಂದೆಯೂ ಮಾರಾಟವೆಂದರೇನು ಎಂಬುದರ ಒಂದೊಂದು ಕಲ್ಪನೆಯಿದೆ.

ಇಂತಹ ವ್ಯವಹಾರವನ್ನು ಕಂಡೊಡನೆ ಹುಟ್ಟುವ ಮೊದಲ ಸಂದೇಹವು ಇದು ಮಾರಾಟವೋ ಸಾಲವೋ ಎಂಬುದು. ಈ ಸಂದೇಹ ನಮ್ಮ ನಾಡಿಗೆ ಹೊಸದಲ್ಲ. ಮರಳಿ ಕೊಳ್ಳುವ ಕರಾರಿನೊಡನೆ ಜಮೀನನ್ನು ಬರೆದುಕೊಟ್ಟು ಹಣ ಪಡೆಯುವ ಮುದ್ದತ್ ಕ್ರಯವನ್ನು ನಮ್ಮ ಹಳ್ಳಿಗಳು ಬಹುಕಾಲದಿಂದ ಬಲ್ಲವು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 58ನೆಯ ಪ್ರಕರಣವು ಷರತ್ತಿನ ಕ್ರಯವನ್ನೂ ಅಡಮಾನದ ಒಂದು ಬಗೆಯಾಗಿ ಎಣಿಸಿದೆ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1939ರಲ್ಲಿ ಲಾಜರಸ್ ಎಂಬ ಓಹಾಯೋ ರಾಜ್ಯದ ವಾಣಿಜ್ಯ ಮಳಿಗೆಯ ಮೊಕದ್ದಮೆಯಲ್ಲಿ ಇದೇ ದೃಷ್ಟಿಯನ್ನು ತಳೆಯಿತು. ಕಟ್ಟಡವನ್ನು ಬ್ಯಾಂಕೊಂದರ ಹೆಸರಿಗೆ ವರ್ಗಾಯಿಸಿ 99 ವರ್ಷಗಳಿಗೆ ಮರಳಿ ಗುತ್ತಿಗೆಗೆ ಪಡೆದಿದ್ದ ಆ ಸಂಸ್ಥೆಯು ನಿಜದಲ್ಲಿ ಸಾಲವನ್ನೇ ಪಡೆದಿತ್ತೆಂದೂ, ಆದುದರಿಂದ ಸವಕಳಿಯ ಕಡಿತಕ್ಕೆ ಅದೇ ಅರ್ಹವೆಂದೂ ತೀರ್ಪಾಯಿತು. ಅದು ತೆರಿಗೆಯ ವ್ಯಾಜ್ಯವಾಗಿದ್ದರೂ, ಪತ್ರದ ಮಾತಿಗಿಂತ ವ್ಯವಹಾರದ ಸತ್ತ್ವವನ್ನು ನೋಡತಕ್ಕದ್ದೆಂಬ ಅದರ ನಿಲುವು ಲೆಕ್ಕಿಗರ ಚಿಂತನೆಗೂ ಹೊಂದುವಂಥದು.

ಲಾಭದ ಪರಿಮಾಣವನ್ನು ಕುರಿತ ಸ್ಪಷ್ಟ ವಿಧಿ ಅಮೆರಿಕದಲ್ಲಿ 1964ರಲ್ಲಿ, ಅಲ್ಲಿನ ಲೆಕ್ಕತತ್ತ್ವ ಮಂಡಲಿಯ ಐದನೆಯ ಅಭಿಪ್ರಾಯವಾಗಿ ಹೊರಬಂದಿತು. ಮಾರಾಟದ ಬೆಲೆಯೂ ಬಾಡಿಗೆಯೂ ಒಂದೇ ಮಾತುಕತೆಯಲ್ಲಿ ನಿಶ್ಚಯವಾಗುವುವು; ಬೆಲೆಯನ್ನು ಏರಿಸಿ ಬಾಡಿಗೆಯನ್ನೂ ಏರಿಸಿದರೆ ಇಬ್ಬರಿಗೂ ನಷ್ಟವಿಲ್ಲ; ಹೀಗೆ ಪರಸ್ಪರ ಹೆಣೆದುಕೊಂಡಿರುವ ಎರಡು ಸಂಖ್ಯೆಗಳಲ್ಲಿ ಒಂದನ್ನೇ ಎತ್ತಿಕೊಂಡು ಲಾಭವನ್ನು ಸಾರುವುದು ಅಪಾಯಕರವಾದುದರಿಂದ, ಸಾಮಾನ್ಯವಾಗಿ ಲಾಭವನ್ನೆಲ್ಲ ಮುಂದಕ್ಕೆ ಹಾಕಿ ಗುತ್ತಿಗೆಯ ಅವಧಿಗೆ ಹಂಚತಕ್ಕದ್ದೆಂಬುದು ಅದರ ತಾತ್ಪರ್ಯ. ನಮ್ಮ ಕಟ್ಟಡಕ್ಕೆ ಇದನ್ನು ಅನ್ವಯಿಸಿದರೆ ಮಾರಿದ ದಿನದ ಲಾಭ ಸೊನ್ನೆ. ಆಮೇಲೆ ವರ್ಷಕ್ಕೆ 3 ಕೋಟಿಯಂತೆ ಬಾಡಿಗೆಯಿಂದ ಕಳೆಯಬೇಕು. ಬಾಡಿಗೆಯೂ 3 ಕೋಟಿಯೇ ಆದುದರಿಂದ, ಕಂಪನಿಯು ಹತ್ತು ವರ್ಷ ಬಿಟ್ಟಿಯಾಗಿ ಕುಳಿತಿತೆಂಬಂತೆ ಲೆಕ್ಕ ತೋರುವುದು! ಬಿಟ್ಟುಕೊಟ್ಟ ಭಾಗದ ಲಾಭವನ್ನೂ ಇಟ್ಟುಕೊಂಡ ಭಾಗದ ಲಾಭದೊಡನೆ ಕಟ್ಟಿಹಾಕಿದ ಈ ವಿಧಿಯ ಎಚ್ಚರಿಕೆ ಮಿತಿಮೀರಿದುದೆಂದೇ ನನ್ನ ಭಾವನೆ.

ಅಮೆರಿಕದ 1976ರ ಹದಿಮೂರನೆಯ ಮಾನಕವೂ ಬಹುಮಟ್ಟಿಗೆ ಈ ಹಾದಿಯನ್ನೇ ಹಿಡಿಯಿತು. 1979ರ ಇಪ್ಪತ್ತೆಂಟನೆಯ ಮಾನಕವು ಮಾತ್ರ ಒಂದು ನಡುದಾರಿಯನ್ನು ತೆರೆಯಿತು: ಮಾರಿದವನು ಕಟ್ಟಡದ ಬಳಕೆಯಲ್ಲಿ ಅಲ್ಪವಲ್ಲದ, ಆದರೆ ಬಹುಪಾಲು ಎನ್ನಲೂ ಆಗದಷ್ಟನ್ನು ಉಳಿಸಿಕೊಂಡಿದ್ದರೆ, ಮುಂಬರುವ ಬಾಡಿಗೆಗಳ ಇಂದಿನ ಮೌಲ್ಯವನ್ನು ಮೀರಿದ ಲಾಭವನ್ನು ಆಗಲೇ ತೋರಿಸಬಹುದು. ಶೇಕಡಾ 9ರ ಬಡ್ಡಿಯಲ್ಲಿ ಹತ್ತು ವರ್ಷಗಳ 3 ಕೋಟಿಗಳ ಇಂದಿನ ಮೌಲ್ಯ 19.25 ಕೋಟಿ. ಮೂವತ್ತರಿಂದ ಅದನ್ನು ಕಳೆದರೆ ಉಳಿಯುವ 10.75 ಕೋಟಿ ಈ ವರ್ಷದ್ದು. ಮಿಕ್ಕುದು ಹತ್ತು ವರ್ಷಗಳದ್ದು. ದಿಕ್ಕೇನೋ ಸರಿಯಾಗಿತ್ತು. ಆದರೆ ಲಾಭದಿಂದ ಬಾಡಿಗೆಯ ಮೌಲ್ಯವನ್ನು ಇಡಿಯಾಗಿ ಕಳೆಯುವುದಕ್ಕೆ ತಕ್ಕ ತರ್ಕವಿರಲಿಲ್ಲ. ಉಳಿಸಿಕೊಂಡದ್ದು ಕಟ್ಟಡದ ಒಂದು ಅಂಶವಾದರೆ, ತಡೆಹಿಡಿಯಬೇಕಾದದ್ದೂ ಲಾಭದ ಅದೇ ಅಂಶವಲ್ಲವೆ?

ಇತ್ತ ಅಂತರರಾಷ್ಟ್ರೀಯ ಮಾನಕಗಳ ಪರಂಪರೆಯಲ್ಲಿ 1982ರ ಹದಿನೇಳನೆಯ ಮಾನಕವು ಬೇರೊಂದು ಬಾಗಿಲನ್ನು ತೆರೆಯಿತು. ಅದು ನೋಡಿದ್ದು ಉಳಿದ ಅಂಶ ಎಷ್ಟೆಂಬುದನ್ನಲ್ಲ, ಗುತ್ತಿಗೆಯ ಜಾತಿಯನ್ನು. ಒಡೆತನದ ಲಾಭನಷ್ಟಗಳೆಲ್ಲ ಬಹುಪಾಲು ಗುತ್ತಿಗೆದಾರನಲ್ಲೇ ಉಳಿದರೆ ಅದು ಹಣಕಾಸು ಗುತ್ತಿಗೆ. ಆಗ ಲಾಭವನ್ನು ಅವಧಿಯುದ್ದಕ್ಕೂ ಹಂಚಬೇಕು. ಹಾಗಲ್ಲದಿದ್ದರೆ ಅದು ಸಾಮಾನ್ಯ ಬಾಡಿಗೆಯಂಥದು; ಪೇಟೆಯ ನ್ಯಾಯವಾದ ಬೆಲೆಗೆ ಮಾರಿದ್ದರೆ ಪೂರ್ಣ ಲಾಭವನ್ನು ಅಂದೇ ತೋರಿಸಬಹುದು, ಪೇಟೆಯ ಬೆಲೆಯನ್ನು ಮೀರಿ ಬಂದ ಭಾಗವನ್ನು ಮಾತ್ರ ಹಂಚಬೇಕು. ನಮ್ಮ ದೇಶದ ಸನದು ಲೆಕ್ಕಿಗರ ಸಂಸ್ಥೆಯು ಹೊರಡಿಸಿ, 2001ರ ಏಪ್ರಿಲ್ 1ರಿಂದ ಆರಂಭವಾದ ಲೆಕ್ಕವರ್ಷಗಳ ಗುತ್ತಿಗೆಗಳಿಗೆ ಅನ್ವಯವಾದ ಹತ್ತೊಂಬತ್ತನೆಯ ಮಾನಕವೂ ಇದನ್ನೇ ಅನುಸರಿಸಿತು. ಹತ್ತು ವರ್ಷದ ಬಾಡಿಗೆಯ ಮೌಲ್ಯ ಕಟ್ಟಡದ ಬೆಲೆಯ ಶೇಕಡಾ 40ನ್ನೂ ಮುಟ್ಟದ ನಮ್ಮ ನಿದರ್ಶನದಲ್ಲಿ 30 ಕೋಟಿಯೂ ಒಂದೇ ವರ್ಷದ ಲಾಭವಾಗುವುದು. ಗುತ್ತಿಗೆಯನ್ನು ಈ ಎರಡು ಜಾತಿಗಳ ನಡುವಣ ಗೆರೆಗೆ ತುಸು ಈಚೆ ನಿಲ್ಲಿಸಿದರೆ ಎಲ್ಲವೂ ಲಾಭ, ತುಸು ಆಚೆ ಸರಿಸಿದರೆ ಅಂದಿಗೆ ಏನೂ ಇಲ್ಲ ಎಂಬ ಸ್ಥಿತಿಯಲ್ಲಿ, ಕರಾರುಗಳು ಗೆರೆಯ ಈಚೆಗೇ ನಿಲ್ಲುವಂತೆ ರಚಿತವಾಗುವುದು ಸಹಜವೇ ಆಗಿತ್ತು.

ಆ ಕಾಲದಲ್ಲಿಯೂ ಮಾರಾಟವೆಂಬ ಹೆಸರು ಮಾತ್ರವೇ ಸಾಲುತ್ತಿರಲಿಲ್ಲವೆಂಬುದಕ್ಕೆ ಲಂಡನ್ನಿನ ಒಂದು ಪ್ರಸಂಗ ಸಾಕ್ಷಿ. ಎಚ್‌ಎಸ್‌ಬಿಸಿ ಬ್ಯಾಂಕು ಕೆನೇರಿ ವಾರ್ಫಿನಲ್ಲಿರುವ ತನ್ನ ಪ್ರಧಾನ ಕಚೇರಿಯ ಗೋಪುರವನ್ನು 2007ರಲ್ಲಿ ಸ್ಪೇನ್ ದೇಶದ ಮೆಟ್ರೊವಾಸೆಸಾ ಎಂಬ ಸಂಸ್ಥೆಗೆ ಸುಮಾರು 109 ಕೋಟಿ ಪೌಂಡಿಗೆ ಮಾರಿ ಮರಳಿ ಗುತ್ತಿಗೆಗೆ ಪಡೆಯಿತು. ಆದರೆ ಆ ಬೆಲೆಯಲ್ಲಿ ಸುಮಾರು 81 ಕೋಟಿಯನ್ನು ಕೊಂಡವರಿಗೆ ಸಾಲವಾಗಿ ಕೊಟ್ಟದ್ದು ಮಾರಿದ ಬ್ಯಾಂಕೇ. ಕಟ್ಟಡದ ಬೆಲೆ ಕುಸಿದರೆ ಪೆಟ್ಟು ಮಾರಿದವನಿಗೇ ತಗಲುವಂತಿದ್ದ ಈ ವ್ಯವಹಾರವನ್ನು ಬ್ಯಾಂಕು ಆ ವರ್ಷ ಮಾರಾಟವೆಂದು ದಾಖಲಿಸಲಿಲ್ಲ. ಮರುವರ್ಷ ಪೇಟೆ ಕುಸಿದಾಗ ಬ್ಯಾಂಕು ಆ ಗೋಪುರವನ್ನು ಸುಮಾರು 84 ಕೋಟಿಗೆ ಮರಳಿ ಪಡೆದು, ಸುಮಾರು 25 ಕೋಟಿ ಪೌಂಡಿನ ಅಂತರವನ್ನು ಲಾಭವಾಗಿ ತೋರಿಸಿತು; 2009ರಲ್ಲಿ ಅದನ್ನು ಕೊರಿಯದ ರಾಷ್ಟ್ರೀಯ ಪಿಂಚಣಿ ನಿಧಿಗೆ ಮತ್ತೆ ಮಾರಿ ಮತ್ತೆ ಗುತ್ತಿಗೆಗೆ ಪಡೆಯಿತು.

2016ರ ಜನವರಿಯಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾನಕ 16, ಮತ್ತು ಅದನ್ನೇ ಅನುಸರಿಸಿ ನಮ್ಮಲ್ಲಿ 2019ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇಂಡ್ ಎಎಸ್ 116, ಗುತ್ತಿಗೆಯ ಜಾತಿಭೇದವನ್ನು ಗುತ್ತಿಗೆದಾರನ ಪಾಲಿಗೆ ತೊಡೆದುಹಾಕಿ, ಪ್ರಶ್ನೆಯನ್ನು ಅದರ ಬೇರಿನಲ್ಲಿಯೇ ಹಿಡಿದವು. ಮಾರಿದವನು ಕಟ್ಟಡದ ಬಳಕೆಯನ್ನು ಹತ್ತು ವರ್ಷ ಎಂದೂ ಬಿಟ್ಟುಕೊಡಲೇ ಇಲ್ಲ; ಅವನು ಮಾರಿದ್ದು ಆ ಅವಧಿಯ ಆಚೆಗಿನ ಕಟ್ಟಡವನ್ನು ಮಾತ್ರ. ಆದುದರಿಂದ ಮಾರಿದ ಅಂಶದ ಲಾಭವಷ್ಟೇ ಅವನದು. ಲೆಕ್ಕ ಸರಳವಾಗಿದೆ: ಬಾಡಿಗೆಗಳ ಇಂದಿನ ಮೌಲ್ಯ 19.25 ಕೋಟಿ, ಕಟ್ಟಡದ ಮೌಲ್ಯ 50 ಕೋಟಿ; ಉಳಿಸಿಕೊಂಡ ಅಂಶ ಶೇಕಡಾ 38.5. ಹಳೆಯ ಪುಸ್ತಕಬೆಲೆಯಾದ 20 ಕೋಟಿಯ ಅಷ್ಟು ಪಾಲು, ಎಂದರೆ 7.70 ಕೋಟಿ, ಬಳಕೆಯ ಹಕ್ಕೆಂಬ ಆಸ್ತಿಯಾಗಿ ಪುಸ್ತಕದಲ್ಲಿ ಉಳಿಯುವುದು, 19.25 ಕೋಟಿ ಹೊಣೆಯಾಗಿ ನಿಲ್ಲುವುದು. 30 ಕೋಟಿಯ ಮಿಕ್ಕ ಶೇಕಡಾ 61.5, ಎಂದರೆ 18.45 ಕೋಟಿ, ಲಾಭವಾಗುವುದು. ತಡೆಹಿಡಿದ 11.55 ಕೋಟಿ ಮಾಯವಾಗುವುದಿಲ್ಲ. ಬಳಕೆಯ ಹಕ್ಕನ್ನು 19.25ಕ್ಕೆ ಬದಲು 7.70 ಕೋಟಿಗೆ ಬರೆದಿರುವುದರಿಂದ ವರ್ಷದ ಸವಕಳಿ ಅಷ್ಟರಮಟ್ಟಿಗೆ ತಗ್ಗಿ, ಹತ್ತು ವರ್ಷಗಳಲ್ಲಿ ಆ ಮೊತ್ತವು ಸದ್ದಿಲ್ಲದೆ ಲಾಭಕ್ಕೆ ಸೇರುವುದು.

ಬೆಲೆಯನ್ನು ಉಬ್ಬಿಸುವ ಹಳೆಯ ಉಪಾಯಕ್ಕೂ ಇಲ್ಲಿ ಎಡೆಯಿಲ್ಲ. 50 ಕೋಟಿಯ ಕಟ್ಟಡವನ್ನು 55 ಕೋಟಿಗೆ ಮಾರಿ, ಬಾಡಿಗೆಯನ್ನು ವರ್ಷಕ್ಕೆ ಸುಮಾರು 3.78 ಕೋಟಿಗೆ ಏರಿಸಿದರೆ, ಹೆಚ್ಚಿನ 5 ಕೋಟಿಯನ್ನು ಶುದ್ಧ ಸಾಲವೆಂದು ಬೇರೆ ಬರೆಯಬೇಕು, ಲಾಭವು 18.45 ಕೋಟಿಯಿಂದ ಕದಲುವುದಿಲ್ಲ. ದುರ್ಬಲ ಸ್ಥಳಗಳು ಇರುವುದು ಬೇರೆಡೆ. ಬಡ್ಡಿಯ ದರವನ್ನು ಶೇಕಡಾ 12 ಎಂದು ಹಿಡಿದರೆ ಬಾಡಿಗೆಯ ಮೌಲ್ಯ 16.95 ಕೋಟಿಗೆ ಇಳಿದು ಲಾಭವು 19.83 ಕೋಟಿಗೆ ಏರುವುದು. ಗುತ್ತಿಗೆಯನ್ನು ಐದು ವರ್ಷಕ್ಕೆ ಬರೆದು, ಇನ್ನೈದು ವರ್ಷ ಮುಂದುವರಿಸುವ ಆಯ್ಕೆಯನ್ನು ಕಂಪನಿಯ ಕೈಯಲ್ಲಿಟ್ಟು, ಆ ಆಯ್ಕೆಯನ್ನು ಬಳಸುವುದು ನಿಶ್ಚಿತವಲ್ಲವೆಂದು ವಾದಿಸಿದರೆ ಲಾಭವು 23 ಕೋಟಿಯಾಗುವುದು. ಆದಕಾರಣ ಲೆಕ್ಕಪರಿಶೋಧಕನು ಕ್ರಯಪತ್ರಕ್ಕಿಂತ ಹೆಚ್ಚಾಗಿ ಕಟ್ಟಡದೊಳಗನ್ನು ನೋಡಬೇಕು: ಮಾರಾಟದ ಮುನ್ನಾದಿನಗಳಲ್ಲಿ ಕೋಟಿಗಟ್ಟಲೆ ಸುರಿದು ಒಳಾಂಗಣವನ್ನು ಹೊಸದಾಗಿಸಿರುವ ಕಂಪನಿಯು ಐದು ವರ್ಷಕ್ಕೆ ಎದ್ದುಹೋಗುವುದೆಂಬ ಮಾತನ್ನು ನಂಬುವುದು ಕಷ್ಟ.

ಮರಳಿ ಕೊಳ್ಳುವ ಹಕ್ಕನ್ನು ಮಾರಿದವನು ಉಳಿಸಿಕೊಂಡಿದ್ದರಂತೂ, ಆ ಹಕ್ಕು ಹೆಸರಿಗಷ್ಟೇ ಇರದೆ ನಿಜವಾದುದಾಗಿದ್ದಲ್ಲಿ, ಹತೋಟಿಯು ದಾಟಿಲ್ಲವೆಂಬ ಕಾರಣದಿಂದ ಮಾರಾಟವೇ ಆಗಿಲ್ಲ. ಕಟ್ಟಡವು 20 ಕೋಟಿಗೆ ಪುಸ್ತಕದಲ್ಲಿಯೇ ನಿಂತು, ಬಂದ 50 ಕೋಟಿಯೆಲ್ಲ ಸಾಲವಾಗುವುದು, ಲಾಭವು ಮತ್ತೆ ಸೊನ್ನೆಯಾಗುವುದು. ಮುದ್ದತ್ ಕ್ರಯವನ್ನು ಬಲ್ಲ ಓದುಗರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು.

ಅಮೆರಿಕದ ಮಾನಕಕಾರರು ಅದೇ 2016ರಲ್ಲಿ ತಮ್ಮ ಗುತ್ತಿಗೆಯ ವಿಧಿಗಳನ್ನು ಹೊಸದಾಗಿ ಬರೆದರಾದರೂ, ಲಾಭದ ವಿಷಯದಲ್ಲಿ ವಿರುದ್ಧ ದಿಕ್ಕಿಗೆ ನಡೆದರು: ಹತೋಟಿ ದಾಟಿ ಮಾರಾಟವು ಸಿದ್ಧಿಸಿದ್ದೇ ಆದರೆ, ಪೇಟೆಯ ಬೆಲೆಗನುಗುಣವಾದ ಪೂರ್ಣ ಲಾಭ, ಎಂದರೆ 30 ಕೋಟಿಯೂ, ಅಂದೇ ಸಲ್ಲುವುದು. ಒಂದು ಕಾಲದಲ್ಲಿ ಎಲ್ಲವನ್ನೂ ತಡೆಹಿಡಿದವರು ಈಗ ಎಲ್ಲವನ್ನೂ ಬಿಟ್ಟುಕೊಟ್ಟಿದ್ದಾರೆ. ಇಡೀ ಕಟ್ಟಡವೇ ಮಾರಾಟವಾಯಿತು, ಗುತ್ತಿಗೆಯೆಂಬುದು ಹೊಸದಾಗಿ ಪಡೆದ ಬೇರೆಯ ಹಕ್ಕು ಎಂಬ ಅವರ ತರ್ಕಕ್ಕೆ ಕಾನೂನಿನ ಆಧಾರವುಂಟು. ಆದರೂ ಒಂದು ಕ್ಷಣವೂ ತೆರವಾಗದ ಕಟ್ಟಡದ ವಿಷಯದಲ್ಲಿ ಆ ಕ್ಷಣಮಾತ್ರದ ಬಿಡುಗಡೆಯನ್ನು ಲಾಭಕ್ಕೆ ಆಧಾರವಾಗಿಸುವುದು ನನಗೆ ಒಪ್ಪಿತವಾಗದು.

ಅಂಶಲಾಭದ ತತ್ತ್ವಕ್ಕೂ ಒಂದು ಕಠಿನ ಪರೀಕ್ಷೆ ಕಾದಿತ್ತು. ಬಾಡಿಗೆಯು ನಿಶ್ಚಿತ ಮೊತ್ತವಾಗಿರದೆ ಅಂಗಡಿಯ ವಹಿವಾಟಿನ ಇಷ್ಟು ಪಾಲು ಎಂದಿದ್ದರೆ ಗತಿಯೇನು? ಸಾಮಾನ್ಯ ಗುತ್ತಿಗೆಯಲ್ಲಿ ಅಂತಹ ಪಾವತಿಗಳು ಹೊಣೆಯ ಎಣಿಕೆಗೆ ಬಾರವು. ಹೊಣೆ ಸೊನ್ನೆಯಾದರೆ ಪೂರ್ಣ ಲಾಭವೂ ಹಿಂಬಾಗಿಲಿನಿಂದ ಒಳಬಂದೀತು. ಹಾಗೆ ಮಾಡಲಾಗದು, ಉಳಿಸಿಕೊಂಡ ಅಂಶವನ್ನು ಅಂದಾಜುಮಾಡಿ ಹೊಣೆಯನ್ನು ಬರೆಯಲೇಬೇಕು ಎಂದು ಅಂತರರಾಷ್ಟ್ರೀಯ ವ್ಯಾಖ್ಯಾನ ಸಮಿತಿಯು 2020ರ ಜೂನ್‌ನಲ್ಲಿ ಸ್ಪಷ್ಟಪಡಿಸಿತು. ತರುವಾಯದ ಮರುಲೆಕ್ಕದಲ್ಲಿಯೂ ಆ ಅಂಶದ ಲಾಭವು ನುಸುಳಿ ಬಾರದಂತೆ 2022ರ ಸೆಪ್ಟೆಂಬರಿನ ತಿದ್ದುಪಡಿಯು ತಡೆಯಿತು. ನಮ್ಮ ದೇಶದಲ್ಲಿ ಆ ತಿದ್ದುಪಡಿಯು 2024ರಲ್ಲಿ ಪ್ರಕಟವಾಯಿತು.

ಇಷ್ಟಾದರೂ ಹತ್ತೊಂಬತ್ತನೆಯ ಹಳೆಯ ಮಾನಕ ನಮ್ಮಲ್ಲಿ ಇನ್ನೂ ಜೀವಂತವಾಗಿದೆ. ಷೇರುಪೇಟೆಯಲ್ಲಿ ನೋಂದಣಿಯಾಗದ, 250 ಕೋಟಿಗಿಂತ ಕಡಿಮೆ ನಿವ್ವಳ ಸಂಪತ್ತಿನ ಕಂಪನಿಗಳು ಸಾಮಾನ್ಯವಾಗಿ ಅದನ್ನೇ ಅನುಸರಿಸುವುವು. ಆದುದರಿಂದ ಒಂದೇ ಬೀದಿಯ ಎರಡು ಕಂಪನಿಗಳು ಸರ್ವಸಮವಾದ ಎರಡು ಕಟ್ಟಡಗಳನ್ನು ಒಂದೇ ದಿನ, ಒಂದೇ ಬೆಲೆಗೆ, ಒಂದೇ ಬಾಡಿಗೆಯ ಕರಾರಿನ ಮೇಲೆ ಮಾರಿದರೂ, ಒಂದರ ಅಢಾವೆ ಪತ್ರಿಕೆಯಲ್ಲಿ 30 ಕೋಟಿಯ ಲಾಭವೂ ಹೊಣೆಯಿಲ್ಲದಿರುವಿಕೆಯೂ, ಇನ್ನೊಂದರಲ್ಲಿ 18.45 ಕೋಟಿಯ ಲಾಭವೂ 19.25 ಕೋಟಿಯ ಹೊಣೆಯೂ ಕಾಣುವುವು. ಸಾಲ ಕೊಡುವ ಬ್ಯಾಂಕಿನವರು ಇವೆರಡನ್ನು ಹೋಲಿಸುವ ಮೊದಲು, ಲೆಕ್ಕದ ಟಿಪ್ಪಣಿಗಳಲ್ಲಿ ಯಾವ ಮಾನಕದ ಹೆಸರಿದೆಯೆಂಬುದನ್ನು ನೋಡಲೇಬೇಕಾಗಿದೆ.