ಗರಿಷ್ಠ ಕುಸಿತ ಮತ್ತು ನಷ್ಟಪೂರಣ

ಹೂಡಿಕೆಯೊಂದರ ಮೌಲ್ಯವು ಅಲ್ಲಿಯವರೆಗೆ ತಾನು ಮುಟ್ಟಿದ್ದ ಅತ್ಯುನ್ನತ ಮಟ್ಟದಿಂದ ಎಷ್ಟು ಕೆಳಗಿಳಿದಿದೆಯೆಂಬುದನ್ನು ಆ ಉನ್ನತ ಮಟ್ಟದ ಶೇಕಡಾಂಶವಾಗಿ ಹೇಳಿದರೆ ಅದು ಕುಸಿತ. ಒಂದು ಗೊತ್ತಾದ ಅವಧಿಯಲ್ಲಿ ಸಂಭವಿಸಿದ ಇಂಥ ಕುಸಿತಗಳೆಲ್ಲದರಲ್ಲಿ ಅತ್ಯಂತ ಆಳವಾದುದು ಗರಿಷ್ಠ ಕುಸಿತ. ಷೇರುಪೇಟೆಯವರು ಇದನ್ನು ಮ್ಯಾಕ್ಸಿಮಮ್ ಡ್ರಾಡೌನ್ ಎಂದೇ ಕರೆಯುವರು. ಮ್ಯೂಚುಯಲ್ ಫಂಡುಗಳ ವರದಿಗಳಲ್ಲಿಯೂ ಆ ಹೆಸರೇ ರೂಢಿಯಲ್ಲಿದೆ. ಕಳೆದುಹೋದುದನ್ನು ಮರಳಿ ಪಡೆಯಲು ಎಷ್ಟು ಶೇಕಡಾ ಏರಿಕೆ ಬೇಕೆಂಬ ಪ್ರಶ್ನೆಯು ಈ ಅಳತೆಯೊಡನೆ ಅವಿಚ್ಛಿನ್ನವಾಗಿ ಬಂದೇ ಬರುತ್ತದೆ. ಆ ಪ್ರಶ್ನೆಗೆ ಸಾಮಾನ್ಯವಾಗಿ ಮನಸ್ಸಿಗೆ ಮೊದಲು ತೋರುವ ಉತ್ತರವು ತಪ್ಪಾಗಿರುತ್ತದೆ.

ಈ ವಿಷಯವನ್ನು ವಿಶದಪಡಿಸಲು ಅಮೆರಿಕದ ಡೌ ಜೋನ್ಸ್ ಕೈಗಾರಿಕಾ ಸರಾಸರಿಯ ಚರಿತ್ರೆಗಿಂತ ಉತ್ತಮವಾದ ಉದಾಹರಣೆ ದೊರೆಯುವುದು ಕಷ್ಟ. ಮೂವತ್ತು ದೊಡ್ಡ ಕಂಪನಿಗಳ ಷೇರುಬೆಲೆಗಳಿಂದ ಕಟ್ಟಿದ ಈ ಸೂಚ್ಯಂಕವು 1929ರ ಸೆಪ್ಟೆಂಬರ್ 3ರಂದು 381.17ಕ್ಕೆ ಮುಕ್ತಾಯವಾಯಿತು, ಆ ಶರತ್ಕಾಲದ ಪ್ರಸಿದ್ಧ ಪತನದಲ್ಲಿ ಕೆಳಗಿಳಿದು ನವೆಂಬರ್ 13ರಂದು 198.69ಕ್ಕೆ ಬಂದು ನಿಂತಿತು. ಇದು ಶೇಕಡಾ 47.9ರ ಕುಸಿತ. ಅನಂತರ ಪೇಟೆ ಚೇತರಿಸಿಕೊಂಡು 1930ರ ಏಪ್ರಿಲ್ 17ರಂದು 294.07ನ್ನು ಮುಟ್ಟಿತು. 198.69ರಿಂದ ಲೆಕ್ಕ ಹಾಕಿದರೆ ಇದು ಶೇಕಡಾ 48.0ರ ಏರಿಕೆ. ನಲವತ್ತೆಂಟರಷ್ಟು ಇಳಿದು ನಲವತ್ತೆಂಟರಷ್ಟು ಏರಿದ ಮೇಲೆ ಹೊರಟ ಸ್ಥಾನಕ್ಕೇ ಮರಳಿರಬೇಕೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಸೂಚ್ಯಂಕವು ಅಂದೂ 381.17ಕ್ಕಿಂತ ಶೇಕಡಾ 22.9ರಷ್ಟು ಕೆಳಗೇ ಇತ್ತು.

ಇದಕ್ಕೆ ಕಾರಣ, ಎರಡು ಶೇಕಡಾಗಳನ್ನೂ ಬೇರೆ ಬೇರೆ ಆಧಾರಗಳ ಮೇಲೆ ಎಣಿಸಿರುವುದೇ. ಇಳಿಕೆಯನ್ನು ದೊಡ್ಡ ಮೊತ್ತದ ಮೇಲೆ ಎಣಿಸುತ್ತೇವೆ, ಏರಿಕೆಯನ್ನು ಅಳಿದುಳಿದ ಸಣ್ಣ ಮೊತ್ತದ ಮೇಲೆ. ನಷ್ಟದ ಅಂಶವನ್ನು d ಎಂದಿಟ್ಟುಕೊಂಡರೆ ಉಳಿಯುವುದು 1 − d. ಅದನ್ನು g ಅಂಶದಷ್ಟು ಬೆಳೆಸಿದಾಗ ಮತ್ತೆ 1 ಆಗಬೇಕಾದುದರಿಂದ,

(1 − d)(1 + g) = 1, ಅಂದರೆ g = d / (1 − d)

ಎಂಬ ಸೂತ್ರ ಸಿದ್ಧಿಸುತ್ತದೆ. ಶೇಕಡಾ 10ರ ನಷ್ಟಕ್ಕೆ 11.1ರ ಏರಿಕೆ ಸಾಕು. 20ಕ್ಕೆ 25 ಬೇಕು. 50ಕ್ಕೆ 100, 80ಕ್ಕೆ 400, 90ಕ್ಕೆ 900. ಆರಂಭದಲ್ಲಿ ಲಾಭನಷ್ಟಗಳು ಹೆಚ್ಚುಕಡಿಮೆ ಸಮವಾಗಿ ಕಾಣುವುದರಿಂದ ಸಣ್ಣ ನಷ್ಟಗಳ ಅನುಭವವುಳ್ಳವನು ಅದೇ ಎಣಿಕೆಯನ್ನು ದೊಡ್ಡ ನಷ್ಟಗಳಿಗೂ ಹಚ್ಚುತ್ತಾನೆ. ತಪ್ಪು ಹುಟ್ಟುವುದು ಅಲ್ಲಿಯೇ. ನಷ್ಟವು 10ರಿಂದ 11ಕ್ಕೆ ಹೋದರೆ ಬೇಕಾಗುವ ಏರಿಕೆ ಒಂದೂಕಾಲು ಶೇಕಡಾದಷ್ಟು ಹೆಚ್ಚುತ್ತದೆ. 89ರಿಂದ 90ಕ್ಕೆ ಹೋದರೆ 809ರಿಂದ 900ಕ್ಕೆ, ಅಂದರೆ ತೊಂಬತ್ತಕ್ಕೂ ಮೇಲೆ, ಜಿಗಿಯುತ್ತದೆ. 1929ರ ನವೆಂಬರಿನ ತಳದಿಂದ ಹಿಂದಿನ ಶಿಖರಕ್ಕೆ ಏರಲು ನಿಜವಾಗಿ ಬೇಕಾಗಿದ್ದುದು ಶೇಕಡಾ 91.8ರ ಏರಿಕೆ, ಏಪ್ರಿಲಿನ ವೇಳೆಗೆ ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ದೊರೆತಿತ್ತು.

ಉಳಿದರ್ಧ ಬರಲಿಲ್ಲ. ಸೂಚ್ಯಂಕವು ಮತ್ತೆ ಇಳಿಯತೊಡಗಿ, 1932ರ ಜುಲೈ 8ರಂದು 41.22ಕ್ಕೆ ಮುಟ್ಟಿತು. ಈಗ ಗರಿಷ್ಠ ಕುಸಿತವನ್ನು ಹೇಳಬೇಕಾದವನು ಯಾವ ಶಿಖರದಿಂದ ಎಣಿಸತಕ್ಕದ್ದು? 1930ರ ಏಪ್ರಿಲಿನ 294.07ರಿಂದ ಎಣಿಸಿದರೆ ಶೇಕಡಾ 86.0 ದೊರೆಯುತ್ತದೆ, 1929ರ 381.17ರಿಂದ ಎಣಿಸಿದರೆ 89.2. ಸರಿಯಾದುದು ಎರಡನೆಯದು. ಏಕೆಂದರೆ ಕುಸಿತವನ್ನು ಸದಾ ಅಂದಿನವರೆಗಿನ ಅತ್ಯುನ್ನತ ಮಟ್ಟದಿಂದ ಅಳೆಯಬೇಕು; ನಡುವೆ ಬಂದ ಏರಿಕೆ ಎಷ್ಟೇ ದೊಡ್ಡದಾಗಿರಲಿ, ಹಳೆಯ ಶಿಖರವನ್ನು ದಾಟದಿದ್ದರೆ ಅದು ಹೊಸ ಲೆಕ್ಕವನ್ನು ತೆರೆಯುವುದಿಲ್ಲ, ಹಳೆಯ ಕುಸಿತದ ಒಳಗಿನ ಒಂದು ಏರಿಳಿತವಾಗಿಯೇ ಉಳಿಯುತ್ತದೆ. 86 ಮತ್ತು 89.2ರ ನಡುವಣ ಅಂತರ ಅಲ್ಪವೆಂದು ತೋರಬಹುದು. ಆದರೆ ಮೊದಲನೆಯದನ್ನು ತುಂಬಲು ಶೇಕಡಾ 613ರ ಏರಿಕೆ ಸಾಕು, ಎರಡನೆಯದಕ್ಕೆ ಸುಮಾರು 825 ಬೇಕು.

ಹೂಡಿಕೆಗಳ ದಾಖಲೆ ಬಹುವೇಳೆ ಮೌಲ್ಯಗಳ ರೂಪದಲ್ಲಿರದೆ ತಿಂಗಳು ತಿಂಗಳ ಪ್ರತಿಫಲಗಳ ಶ್ರೇಣಿಯಾಗಿರುತ್ತದೆ. ಆಗ ಮೊದಲು ಮಾಡತಕ್ಕ ಕೆಲಸವೆಂದರೆ ಆ ಶ್ರೇಣಿಯನ್ನು ಮೌಲ್ಯಗಳಾಗಿ ಪರಿವರ್ತಿಸುವುದು. ಐದು ತಿಂಗಳ ಪ್ರತಿಫಲಗಳು ಕ್ರಮವಾಗಿ +10, −20, +5, −15, +30 ಶೇಕಡಾ ಇವೆಯೆಂದು ಭಾವಿಸೋಣ. ನೂರು ರೂಪಾಯಿಯಿಂದ ಹೊರಟರೆ ಮೊದಲ ತಿಂಗಳ ಕೊನೆಗೆ 110, ಆಮೇಲೆ 88, ಅನಂತರ 92.40, ಆ ಬಳಿಕ 78.54, ಕಡೆಗೆ 102.10 ರೂಪಾಯಿ ಆಗುವುದು. ಪ್ರತಿಯೊಂದು ಅಂಕಿಯ ಪಕ್ಕದಲ್ಲಿ ಅಲ್ಲಿಯವರೆಗಿನ ಶಿಖರವನ್ನು ಬರೆದುಕೊಂಡು ಬಂದರೆ ಮೊದಲ ತಿಂಗಳಿಂದ ಕೊನೆಯವರೆಗೂ ಅದು 110 ಆಗಿಯೇ ಇರುತ್ತದೆ. ತಳವು ನಾಲ್ಕನೆಯ ತಿಂಗಳಿನ 78.54. ಆದುದರಿಂದ ಗರಿಷ್ಠ ಕುಸಿತ ಶೇಕಡಾ 28.6, ಅದನ್ನು ತುಂಬಲು ಬೇಕಾದುದು 40.1. ಐದನೆಯ ತಿಂಗಳಿನ ಮೂವತ್ತು ಶೇಕಡಾ ಏರಿಕೆ ಹೂಡಿದ ಹಣವನ್ನೇನೋ ಮರಳಿಸಿತು, ಆದರೆ ಶಿಖರವನ್ನು ಮರಳಿಸಲಿಲ್ಲ. ಕುಸಿತವು ಇನ್ನೂ 7.2ರಷ್ಟು ಉಳಿದೇ ಇದೆ.

ಈ ಲೆಕ್ಕದಲ್ಲಿ ಎರಡು ಕಡೆ ಕೈತಪ್ಪುವ ಸಂಭವವುಂಟು. −20, +5, −15 ಇವುಗಳನ್ನು ಬರಿದೆ ಕೂಡಿಸಿ ಶೇಕಡಾ 30ರ ಕುಸಿತವೆನ್ನುವುದು ಮೊದಲನೆಯ ತಪ್ಪು. ಪ್ರತಿಫಲಗಳು ಕೂಡುವುವಲ್ಲ, ಗುಣಿಸಲ್ಪಡುವುವು. ಎರಡನೆಯದು ಇನ್ನೂ ಸೂಕ್ಷ್ಮವಾದುದು. ಪ್ರತಿಫಲಗಳನ್ನು ಗುಣಿಸುತ್ತ ಹೋಗುವವನು ಆರಂಭದ ನೂರನ್ನು ಪಟ್ಟಿಯಲ್ಲಿ ಬರೆಯಲು ಮರೆತನೆಂದರೆ, ಮೊದಲ ತಿಂಗಳಲ್ಲಿಯೇ ಬಂದ ನಷ್ಟವು ಲೆಕ್ಕದಿಂದ ಸಂಪೂರ್ಣವಾಗಿ ಜಾರಿಹೋಗುವುದು: ನೂರು ಎಂಬತ್ತಾದುದು ಕಾಣದೆ, ಎಂಬತ್ತೇ ಮೊದಲ ಶಿಖರವೆಂದು ಪರಿಗಣಿತವಾಗುವುದು. ಮೊದಲ ತಿಂಗಳ ಪ್ರತಿಫಲ ಋಣವಾಗಿರುವ ಶ್ರೇಣಿಯಲ್ಲಿ ಆ ತಿಂಗಳ ಕುಸಿತ ಸೊನ್ನೆಯೆಂದು ಬಂದರೆ ಈ ತಪ್ಪು ನಡೆದಿದೆಯೆಂದು ನಿಸ್ಸಂಶಯವಾಗಿ ಹೇಳಬಹುದು.

ಇವೆರಡಕ್ಕಿಂತ ದೊಡ್ಡ ಪ್ರಮಾದವೆಂದರೆ ಕಾಲಕ್ರಮವನ್ನು ಮರೆತು, ಇಡೀ ಅವಧಿಯ ಅತಿ ಹೆಚ್ಚಿನ ಮತ್ತು ಅತಿ ಕಡಿಮೆಯ ಮೌಲ್ಯಗಳನ್ನು ಹೆಕ್ಕಿ ಅವುಗಳ ಅಂತರವನ್ನೇ ಗರಿಷ್ಠ ಕುಸಿತವೆಂದು ಹೇಳುವುದು. 1932ರ ಜುಲೈ 8ರಂದು ಹೂಡಿ 1954ರ ನವೆಂಬರ್ 23ರವರೆಗೆ ಕಾದವನ ದೃಷ್ಟಿಯಿಂದ ಡೌ ಸೂಚ್ಯಂಕವನ್ನು ನೋಡೋಣ. ಆ ಅವಧಿಯ ಕನಿಷ್ಠ ಮೌಲ್ಯ ಮೊದಲ ದಿನದ 41.22, ಗರಿಷ್ಠ ಮೌಲ್ಯ ಕೊನೆಯ ದಿನದ 382.74. ಮೇಲೆ ಹೇಳಿದ ತಪ್ಪು ವಿಧಾನದಲ್ಲಿ ಇದು ಶೇಕಡಾ 89.2ರ ಕುಸಿತವಾಗಿಬಿಡುತ್ತದೆ, ವಾಸ್ತವವಾಗಿ ಆ ಮನುಷ್ಯನು ತಳದಿಂದ ಶಿಖರಕ್ಕೆ ಹತ್ತಿದವನು. ಅವನು ನಿಜವಾಗಿ ಅನುಭವಿಸಿದ ಗರಿಷ್ಠ ಕುಸಿತವು 1937ರ ಮಾರ್ಚ್ 10ರ 194.40ರಿಂದ 1942ರ ಏಪ್ರಿಲ್ 28ರ 92.92ರವರೆಗಿನದು, ಅಂದರೆ ಶೇಕಡಾ 52.2. ಶಿಖರವು ಮೊದಲು ಬಂದು ತಳವು ಆಮೇಲೆ ಬರಬೇಕೆಂಬ ನಿಯಮವೇ ಈ ಅಳತೆಯ ಪ್ರಾಣ.

ಅದೇ 1937ರ ಮಾರ್ಚ್ 10ರ ಅಂಕಿಯನ್ನು 1929ರಿಂದ ಹಿಡಿದುಕೊಂಡು ಕುಳಿತವನ ಕಡೆಯಿಂದಲೂ ನೋಡಬೇಕು. ತಳದಿಂದ ಶೇಕಡಾ 371ಕ್ಕೂ ಮೇಲೆ ಏರಿಯೂ ಸೂಚ್ಯಂಕವು ಅಂದು ಹಳೆಯ ಶಿಖರದ ಅರ್ಧದಷ್ಟು ಮಾತ್ರ ಇತ್ತು. ಆ ಶಿಖರವನ್ನು ದಾಟಿದ್ದು 382.74ರ ಆ 1954ರ ನವೆಂಬರ್ 23ರಂದು. ಇಳಿಯಲು ಮೂರು ವರ್ಷವೂ ತುಂಬಿರಲಿಲ್ಲ, ಏರಲು ಇಪ್ಪತ್ತೆರಡು ವರ್ಷ ಹಿಡಿಯಿತು.

ಈ ಸಂಖ್ಯೆಗಳನ್ನು ಕೇಳಿ ಹೂಡಿಕೆದಾರನ ಪಾಡೂ ಇಷ್ಟೇ ಎಂದು ನಿರ್ಣಯಿಸುವುದು ಆತುರವಾದೀತು. ಸೂಚ್ಯಂಕವು ಬೆಲೆಯನ್ನು ಮಾತ್ರ ಎಣಿಸುತ್ತದೆ, ಲಾಭಾಂಶವನ್ನಲ್ಲ. ಲಾಭಾಂಶವನ್ನು ಮತ್ತೆ ಷೇರುಗಳಲ್ಲಿಯೇ ತೊಡಗಿಸುತ್ತ ಬಂದವನಿಗೆ ಅಸಲು 1954ಕ್ಕಿಂತ ಅನೇಕ ವರ್ಷ ಮುಂಚೆಯೇ ಕೈಸೇರಿತು. 1930ರ ದಶಕದ ಆರಂಭದಲ್ಲಿ ಸಾಮಾನುಗಳ ಬೆಲೆಯೂ ತೀವ್ರವಾಗಿ ಇಳಿದುದರಿಂದ ಉಳಿದ ಡಾಲರುಗಳ ಕೊಳ್ಳುವ ಶಕ್ತಿ ಹೆಚ್ಚಿತ್ತು. ಇನ್ನೊಂದು ಕಡೆ, ಸೂಚ್ಯಂಕದಲ್ಲಿದ್ದ ಕಂಪನಿಗಳೇ ಈ ನಡುವೆ ಬದಲಾದವು. ಐಬಿಎಂ 1932ರಲ್ಲಿ ಒಳಗೆ ಬಂದು 1939ರಲ್ಲಿ ಹೊರಗೆ ಹೋಯಿತು. 1929ರ ಪಟ್ಟಿಯ ಷೇರುಗಳನ್ನೇ ಹಿಡಿದುಕೊಂಡಿದ್ದವನ ಚೇತರಿಕೆಯನ್ನು ಸೂಚ್ಯಂಕದ ಚೇತರಿಕೆ ಹೇಳಲಾರದು.

ಗರಿಷ್ಠ ಕುಸಿತದ ಅಂಕಿಯನ್ನು ಓದುವಾಗ ಅದನ್ನು ಯಾವ ಅಂತರದ ಮೌಲ್ಯಗಳಿಂದ ಪಡೆದರೆಂಬುದನ್ನೂ ವಿಚಾರಿಸಬೇಕು. ದಿನದಿನದ ಮುಕ್ತಾಯ ಬೆಲೆಗಳಿಂದ ಎಣಿಸಿದ ಕುಸಿತಕ್ಕಿಂತ ತಿಂಗಳ ಕೊನೆಯ ಬೆಲೆಗಳಿಂದ ಎಣಿಸಿದ್ದು ಎಂದಿಗೂ ಆಳವಾಗಿರಲಾರದು, ಏಕೆಂದರೆ ತಿಂಗಳ ನಡುವಣ ಶಿಖರವೂ ತಳವೂ ಅದಕ್ಕೆ ಕಾಣಿಸವು. ಅವಧಿಯ ಉದ್ದವೂ ಅಷ್ಟೇ ಮುಖ್ಯವಾದುದು: ಶ್ರೇಣಿಯು ಬೆಳೆದಂತೆ ಗರಿಷ್ಠ ಕುಸಿತ ಹೆಚ್ಚಬಹುದು ಇಲ್ಲವೆ ಹಾಗೆಯೇ ಉಳಿಯಬಹುದು, ಕಡಿಮೆಯಾಗುವುದು ಅಸಾಧ್ಯ. ಮೂರು ವರ್ಷದ ಫಂಡೊಂದರ ಅಂಕಿಯನ್ನು ಇಪ್ಪತ್ತು ವರ್ಷದ ಫಂಡಿನದರ ಪಕ್ಕದಲ್ಲಿಟ್ಟು ಮೊದಲನೆಯದು ಸುರಕ್ಷಿತವೆನ್ನುವುದು ಅನ್ಯಾಯ.

ಸೂತ್ರವು ಏರಿಕೆಯ ಪ್ರಮಾಣವನ್ನು ಹೇಳುವುದಲ್ಲದೆ ಕಾಲವನ್ನು ಹೇಳದು. ವರ್ಷಕ್ಕೆ ಶೇಕಡಾ 8ರಂತೆ ಒಂದೇ ಸಮನಾಗಿ ಬೆಳೆಯುವುದೆಂದು ಇಟ್ಟುಕೊಂಡರೆ 20ರ ಕುಸಿತ ತುಂಬಲು ಸುಮಾರು ಮೂರು ವರ್ಷ, 50ರದಕ್ಕೆ ಒಂಬತ್ತು ವರ್ಷ, ಡೌ ಸೂಚ್ಯಂಕದ 89.2ಕ್ಕೆ ಇಪ್ಪತ್ತೊಂಬತ್ತು ವರ್ಷ ಬೇಕಾಗುವುದು. ಆದರೆ ಪೇಟೆಗಳು ಒಂದೇ ಸಮನಾಗಿ ಬೆಳೆಯುವುದಿಲ್ಲ. ಮುಂಬಯಿಯ ಸೆನ್ಸೆಕ್ಸ್ 2008ರ ಜನವರಿ 8ರಂದು 20,873.33ಕ್ಕೆ ಮುಕ್ತಾಯವಾಗಿ, 2009ರ ಮಾರ್ಚ್ 9ರಂದು 8,160.40ಕ್ಕೆ ಇಳಿಯಿತು. ಶೇಕಡಾ 60.9ರ ಈ ಕುಸಿತಕ್ಕೆ 155.8ರ ಏರಿಕೆ ಬೇಕಾಗಿತ್ತು. ಅದು ಇಪ್ಪತ್ತೇ ತಿಂಗಳಲ್ಲಿ ಕೂಡಿಬಂದು, 2010ರ ನವೆಂಬರ್ ಮೊದಲ ವಾರದಲ್ಲಿ ಹಳೆಯ ಮಟ್ಟ ಮರಳಿತು. ಆ ಮಟ್ಟದಲ್ಲಿ ಸೂಚ್ಯಂಕವು ನಿಲ್ಲಲಿಲ್ಲ; ಮತ್ತೆ ಕೆಳಗಿಳಿದು, 2013ರ ಅಕ್ಟೋಬರ್ ಕೊನೆಗೆ ಇನ್ನೊಮ್ಮೆ ಅದನ್ನು ದಾಟಿತು. ಈ ಎರಡನೆಯ ಇಳಿತವು 60.9ಕ್ಕಿಂತ ಬಹಳ ಕಡಿಮೆಯದಾದುದರಿಂದ ಗರಿಷ್ಠ ಕುಸಿತದ ಅಂಕಿ ಕಿಂಚಿತ್ತೂ ಬದಲಾಗಲಿಲ್ಲ. 2008ರ ಜನವರಿಯಲ್ಲಿ ಹೂಡಿದವನಿಗೆ ಮಾತ್ರ ಸುಮಾರು ಆರು ವರ್ಷ ಬೆಲೆಯ ಏರಿಕೆಯಿಂದ ಹೇಳಿಕೊಳ್ಳುವಂಥ ಲಾಭವೇನೂ ಬರಲಿಲ್ಲ.