ತಾನೇ ಸರಿಯುವ ಕಾಮಗಾರಿ ವೇಳಾಪಟ್ಟಿ: ಪುಣೆಯ ತಾರಸಿಯೊಂದರ ಉದಾಹರಣೆ

ಪುಣೆಯ ಹೌಸಿಂಗ್ ಸೊಸೈಟಿಗಳಲ್ಲಿ ತಾರಸಿಯ ಸೋರಿಕೆ ತಡೆಯುವ ಕೆಲಸವನ್ನು ಸಾಮಾನ್ಯವಾಗಿ ಬೇಸಿಗೆಯಲ್ಲೇ ಕೈಗೊಳ್ಳುತ್ತಾರೆ. ನಗರಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 10. ಆದರೆ 2025ರಲ್ಲಿ ಅದು ಮೇ 26ರಂದೇ ಬಂದಿತು. ಹಳೆಯ ಪದರವನ್ನು ಅಗೆದು ತೆಗೆದ ತಾರಸಿಯ ಮೇಲೆ ಮಳೆ ಸುರಿದರೆ ಮೇಲಂತಸ್ತಿನ ಮನೆಗಳಿಗೆ ನೀರು ಇಳಿಯುತ್ತದೆ. ಆದುದರಿಂದ ಒಂದು ಕೆಲಸ ತಡವಾದಾಗ ಕೊನೆಯ ದಿನ ಎಲ್ಲಿಗೆ ಹೋಗುತ್ತದೆ ಎಂಬುದು ಕೂಡಲೇ ಗೊತ್ತಾಗಬೇಕು.

ಇದಕ್ಕೆ ಒದಗುವುದು ಗ್ಯಾಂಟ್ ಚಾರ್ಟ್. ಎಡಗಡೆ ಕೆಲಸಗಳ ಹೆಸರು, ಮೇಲ್ಗಡೆ ದಿನಾಂಕಗಳು, ನಡುವೆ ಪ್ರತಿ ಕೆಲಸಕ್ಕೂ ಒಂದು ಅಡ್ಡಪಟ್ಟಿ: ಇಷ್ಟೇ ಅದರ ರೂಪ. ಅಮೆರಿಕದ ಇಂಜಿನಿಯರ್ ಹೆನ್ರಿ ಗ್ಯಾಂಟ್ (1861-1919) ಅವರಿಂದ ಈ ಹೆಸರು ಬಂದಿದೆ. ಗೋಡೆಗೆ ಅಂಟಿಸಿದ ಕಾಗದದ ಚಾರ್ಟಿನಲ್ಲಿ ಒಂದು ಪಟ್ಟಿ ಜರುಗಿದರೆ ಉಳಿದವನ್ನು ಕೈಯಿಂದಲೇ ತಿದ್ದಬೇಕು. ಎಕ್ಸೆಲ್, ಗೂಗಲ್ ಶೀಟ್ಸ್ ಅಥವಾ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಸೂತ್ರಗಳು ಆ ಕೆಲಸವನ್ನು ಮಾಡುತ್ತವೆ.

ಕಲ್ಪಿತ ಉದಾಹರಣೆಯೊಂದನ್ನು ನೋಡೋಣ. ಮೊದಲ ಸಾಲು ತಲೆಬರಹಕ್ಕೆ. A ಕಂಬದಲ್ಲಿ ಕೆಲಸ, B ಯಲ್ಲಿ ಅದು ಯಾವ ಸಾಲಿನ ಕೆಲಸಕ್ಕಾಗಿ ಕಾಯಬೇಕು ಎಂಬುದು, C ಯಲ್ಲಿ ದಿನಗಳು, D ಯಲ್ಲಿ ಆರಂಭ, E ಯಲ್ಲಿ ಮುಕ್ತಾಯ.

- ಸಾಲು 2: ಹಳೆಯ ಪದರ ಒಡೆದು ಸಾಗಿಸುವುದು, 6 ದಿನ
- ಸಾಲು 3: ಬಿರುಕು ದುರಸ್ತಿ, 4 ದಿನ (2ರ ನಂತರ)
- ಸಾಲು 4: ಮಳೆನೀರಿನ ಕೊಳವೆ ಬದಲಾವಣೆ, 3 ದಿನ (2ರ ನಂತರ)
- ಸಾಲು 5: ಇಟ್ಟಿಗೆ ಚೂರು ಮತ್ತು ಸಿಮೆಂಟ್ ಗಾರೆಯ ಕೋಬಾ ಹಾಕುವುದು, 5 ದಿನ (3 ಮತ್ತು 4ರ ನಂತರ)
- ಸಾಲು 6: ನೀರು ಕಟ್ಟಿ ಕ್ಯೂರಿಂಗ್, 10 ದಿನ (5ರ ನಂತರ)
- ಸಾಲು 7: ಕೆಳಗಿನ ಮನೆಗಳ ಛಾವಣಿ ಪರಿಶೀಲನೆ ಮತ್ತು ಸಣ್ಣಪುಟ್ಟ ದುರಸ್ತಿ, 2 ದಿನ (6ರ ನಂತರ)

ಕೈಯಿಂದ ಬರೆಯುವ ಆರಂಭ ದಿನಾಂಕ D2 ಒಂದೇ: 2025ರ ಏಪ್ರಿಲ್ 21, ಸೋಮವಾರ. C10 ರಲ್ಲಿ ಮೇ 1ರ ಮಹಾರಾಷ್ಟ್ರ ದಿನದ ರಜೆಯನ್ನು ಬರೆಯಿರಿ. ಉಳಿದುದು ಸೂತ್ರಗಳಿಂದ:

```
E2: =WORKDAY.INTL(D2-1,C2,11,$C$10)
D3: =WORKDAY.INTL(E2,1,11,$C$10)
D5: =WORKDAY.INTL(MAX(E3,E4),1,11,$C$10)
D6: =E5+1
E6: =D6+C6-1
D7: =WORKDAY.INTL(E6,1,11,$C$10)
```

11 ಎಂದರೆ ಭಾನುವಾರ ಮಾತ್ರ ರಜೆ ಎಂದರ್ಥ. D4 ರ ಸೂತ್ರ D3 ರಂತೆಯೇ. E2 ರ ಸೂತ್ರವನ್ನು E3, E4, E5, E7 ಗಳಿಗೆ ನಕಲು ಮಾಡಬೇಕು. ಎರಡು ಕೆಲಸಗಳು ಮುಗಿದ ಮೇಲೆಯೇ ಮೂರನೆಯದು ಆರಂಭವಾಗಬೇಕಾದಲ್ಲಿ, MAX ಅವೆರಡರಲ್ಲಿ ತಡವಾಗಿ ಮುಗಿಯುವುದನ್ನು ಆರಿಸುತ್ತದೆ. ಆರನೆಯ ಸಾಲಿನ ಸೂತ್ರ ಬೇರೆಯಾಗಿರುವುದಕ್ಕೆ ಕಾರಣವಿದೆ. ಕೂಲಿಯವರಿಗೆ ಭಾನುವಾರ ರಜೆಯುಂಟು, ಸಿಮೆಂಟಿಗೆ ಇಲ್ಲ. ಕ್ಯೂರಿಂಗ್ ರಜಾದಿನಗಳಲ್ಲೂ ನಡೆಯುತ್ತದೆ.

ಅಡ್ಡಪಟ್ಟಿಗಳಿಗಾಗಿ F1 ರಲ್ಲಿ `=D2`, G1 ರಲ್ಲಿ `=F1+1` ಎಂದು ಬರೆದು, G1 ಅನ್ನು ಬಲಕ್ಕೆ ಎಳೆಯಿರಿ. F2 ರಿಂದ ಕೆಳಗಿನ ಚೌಕಗಳನ್ನು ಆಯ್ದು, Conditional Formatting ನಲ್ಲಿ ಈ ಸೂತ್ರಕ್ಕೆ ಒಂದು ಬಣ್ಣ ಕೊಡಿ:

```
=AND(F$1>=$D2,F$1<=$E2)
```

ಈ ಪಟ್ಟಿಯಂತೆ ಕೋಬಾ ಮೇ 8ಕ್ಕೆ, ಕ್ಯೂರಿಂಗ್ ಮೇ 18ಕ್ಕೆ, ಎಲ್ಲ ಕೆಲಸ ಮೇ 20ಕ್ಕೆ ಮುಗಿಯುತ್ತದೆ. ಈಗ ಹಳೆಯ ಪದರ ಎಣಿಸಿದ್ದಕ್ಕಿಂತ ದಪ್ಪವಾಗಿತ್ತು, ಒಡೆಯಲು 10 ದಿನ ಬೇಕಾಯಿತು ಎಂದುಕೊಳ್ಳಿ. C2 ರಲ್ಲಿ 6ರ ಬದಲು 10 ಬರೆದರೆ ಕೆಳಗಿನ ಪಟ್ಟಿಗಳೆಲ್ಲ ಬಲಕ್ಕೆ ಸರಿದು ಮುಕ್ತಾಯ ಮೇ 26ಕ್ಕೆ ಹೋಗುತ್ತದೆ. ನಾಲ್ಕು ಕೆಲಸದ ದಿನಗಳ ವಿಳಂಬ ರಜೆಗಳ ಕಾರಣದಿಂದ ಆರು ದಿನಗಳಾಯಿತು, ಅಂದರೆ ಆ ವರ್ಷ ಮುಂಗಾರು ಬಂದ ದಿನಕ್ಕೇ ತಾಗಿತು. ಆದರೆ ಮೂಲ ಪಟ್ಟಿಯಲ್ಲಿ ಕೊಳವೆಯ ಕೆಲಸ ಮಾತ್ರ 3ರ ಬದಲು 4 ದಿನ ಹಿಡಿದಿದ್ದರೆ ಕೊನೆಯ ದಿನ ಕದಲುತ್ತಿರಲಿಲ್ಲ. ಬಿರುಕು ದುರಸ್ತಿಗೆ ಹೇಗೂ ನಾಲ್ಕು ದಿನ ಬೇಕು. ಐದು ದಿನವಾದರೆ ಮುಕ್ತಾಯ ಮೇ 21ಕ್ಕೆ ಸರಿಯುತ್ತದೆ. ಯಾವ ಕೆಲಸದ ಮೇಲೆ ಕಣ್ಣಿಡಬೇಕು ಎಂಬುದನ್ನು ಹೀಗೆ ಒಂದೊಂದೇ ಅವಧಿಯನ್ನು ಬದಲಿಸಿ ತಿಳಿಯಬಹುದು.

ಪಟ್ಟಿ ಕೆಡುವುದು ಹೆಚ್ಚಾಗಿ ಒಂದೇ ಕಾರಣದಿಂದ. ಯಾರೋ ಸೂತ್ರವಿರುವ ಚೌಕದಲ್ಲಿ ನೇರವಾಗಿ ದಿನಾಂಕ ಬರೆಯುತ್ತಾರೆ. ಚಾರ್ಟ್ ನೋಡಲು ಸರಿಯಾಗಿಯೇ ಇರುತ್ತದೆ, ಆದರೆ ಕೊಂಡಿ ಕಳಚಿರುತ್ತದೆ. ಪರೀಕ್ಷಿಸಲು C2 ಗೆ ತಾತ್ಕಾಲಿಕವಾಗಿ 20 ದಿನ ಸೇರಿಸಿ; ಎಲ್ಲಿಂದ ಮುಂದೆ ಪಟ್ಟಿಗಳು ಸರಿಯುವುದಿಲ್ಲವೋ ಅಲ್ಲಿಯೇ ದೋಷವಿದೆ. ಕೆಲಸ ತಡವಾದಾಗ ದಿನಾಂಕವನ್ನು ಮುಟ್ಟದೆ ಅವಧಿಯನ್ನೇ ತಿದ್ದಬೇಕು. ಸಾಮಗ್ರಿ ಬಾರದೆ ಕೆಲಸ ನಿಂತರೆ "ಕಾಯುವಿಕೆ" ಎಂಬ ಹೊಸ ಸಾಲನ್ನು ಸೇರಿಸಿ, ಮುಂದಿನ ಕೆಲಸದ ಆರಂಭವನ್ನು ಅದಕ್ಕೆ ಜೋಡಿಸಬೇಕು.

ಒಂದು ಮಿತಿಯೂ ಇದೆ. ಹಾಳೆಯಲ್ಲಿ ದಿನಾಂಕ ಸರಿದರೂ ಮೇಸ್ತ್ರಿಗೆ ಸುದ್ದಿ ತಲುಪುವುದಿಲ್ಲ. ಕೋಬಾದ ಆರಂಭ ಮೇ 3ರಿಂದ ಮೇ 8ಕ್ಕೆ ಹೋದ ದಿನವೇ ಅವರಿಗೆ ಫೋನು ಮಾಡಿ ತಿಳಿಸದಿದ್ದರೆ, ಅವರ ಆಳುಗಳು ಆ ಹೊತ್ತಿಗೆ ಬೇರೊಂದು ತಾರಸಿಯ ಮೇಲಿರುತ್ತಾರೆ.